ನಾಲ್ಕು ನದಿ, ಒಂದು ಮೈದಾನ: ನಮ್ಮ ಶಾಲಾ ಕ್ರೀಡಾಕೂಟದ ನಿರೂಪಣೆ

ಜಾಗ: ನಂಜನಗೂಡು ತಾಲ್ಲೂಕಿನ ನಮ್ಮ ಸರ್ಕಾರಿ ಪ್ರೌಢಶಾಲೆಯ ಮೈದಾನ. ಶನಿವಾರ, ಬೆಳಿಗ್ಗೆ 8.30ರಿಂದ. ಮೈಕ್‌ನಲ್ಲಿ ಇಬ್ಬರು: ಕನ್ನಡ ಮೇಷ್ಟ್ರು ನಾನು, ಒಂಬತ್ತನೇ ತರಗತಿಯ ಸಿಂಚನಾ. ಕಂಸದಲ್ಲಿ ಇರೋದು ನಮಗೆ ಮಾತ್ರ, ಓದಬಾರದು.

ಜನ ಸೇರುವಾಗ

ಮೇಷ್ಟ್ರು: ಹಲೋ, ಹಲೋ... ಹಿಂದೆ ಹುಣಸೇಮರದ ಕೆಳಗೆ ಕೇಳಿಸ್ತಾ ಇದೆಯಾ? ಕೈ ಎತ್ತಿ. ಸರಿ. ಎಲ್ಲರಿಗೂ ಶುಭೋದಯ.

ಸಿಂಚನಾ: ಸರ್, ಶುಭೋದಯಕ್ಕೆ ಯಾರೂ ಬಾಯಿ ಬಿಡಲಿಲ್ಲ. ಚಳಿಗೆ ಎಲ್ಲರೂ ಶಾಲು ಹೊದ್ದು ಕೂತಿದ್ದಾರೆ.

ಮೇಷ್ಟ್ರು: ಹಾಗಾದರೆ ಚಳಿ ಬಿಡಿಸೋಣ. ನಾನು ತಂಡದ ಹೆಸರು ಹೇಳ್ತೀನಿ, ಆ ತಂಡದವರು ಮಾತ್ರ ಕೂಗಬೇಕು. ಕಾವೇರಿ...

(ಕೆಂಪು ತಂಡ: "ಹರಿದು ಬಾ!")

ಸಿಂಚನಾ: ಕಪಿಲಾ...

(ಹಳದಿ ತಂಡ: "ನುಗ್ಗಿ ಬಾ!")

ಮೇಷ್ಟ್ರು: ಹೇಮಾವತಿ...

(ಹಸಿರು ತಂಡ: "ಜಿಗಿದು ಬಾ!")

ಸಿಂಚನಾ: ಲಕ್ಷ್ಮಣತೀರ್ಥ...

(ನೀಲಿ ತಂಡ: "ಗೆದ್ದು ಬಾ!" ಇವರು ಮೆಲ್ಲಗೆ ಕೂಗುತ್ತಾರೆ, ಇನ್ನೊಂದು ಸಲ ಕೂಗಿಸಿ.)

ಮೇಷ್ಟ್ರು: ಒಂದು ಮಾತು. ಹೇಮಾವತಿ, ಲಕ್ಷ್ಮಣತೀರ್ಥ ಎರಡೂ ಕೆ.ಆರ್.ಎಸ್. ಹಿನ್ನೀರಲ್ಲಿ ಕಾವೇರಿಗೆ ಸೇರುತ್ತವೆ. ಕಪಿಲೆ ತಿರುಮಕೂಡಲಿನಲ್ಲಿ ಸೇರುತ್ತಾಳೆ. ಎಷ್ಟೇ ಕೂಗಾಡಿದರೂ ಕೊನೆಗೆ ಎಲ್ಲರೂ ಬರಬೇಕಾದ್ದು ಕಾವೇರಿಗೇ, ಅಲ್ವಾ?

ಸಿಂಚನಾ: ಸರ್, ನೀವು ಕಾವೇರಿ ತಂಡದ ಉಸ್ತುವಾರಿ ಅಂತ ಎಲ್ಲರಿಗೂ ಗೊತ್ತು. ನಾವು ಮೂವರು ಬಂದು ಸೇರದೇ ಇದ್ದರೆ ನಿಮ್ಮ ಕಾವೇರೀಲಿ ನೀರೆಲ್ಲಿಂದ ಬರುತ್ತೆ?

(ಇಲ್ಲಿ ಹಳದಿ ತಂಡ ಕುಣಿಯುತ್ತೆ. ಬಿಡಿ, ಕುಣಿಯಲಿ.)

ಮೇಷ್ಟ್ರು: ನಾಲ್ಕು ಸೂಚನೆ. ಗೇಟಿನ ಎದುರು ಬೈಕ್ ನಿಲ್ಲಿಸಬೇಡಿ, ಆ ದಾರಿ ಆಂಬುಲೆನ್ಸ್‌ಗೆ ಅಂತ ಬಿಟ್ಟಿದ್ದೇವೆ. ಕುಡಿಯುವ ನೀರು ಬಿಸಿಯೂಟದ ಕೋಣೆಯ ಪಕ್ಕ. ಬಿದ್ದು ಮಂಡಿ ತರಚಿಕೊಂಡವರು ಬೇವಿನ ಮರದ ಕೆಳಗಿನ ಮೇಜಿಗೆ ಹೋಗಿ, ಅಲ್ಲಿ ಆಶಾ ಕಾರ್ಯಕರ್ತೆ ಅಕ್ಕ ಇದ್ದಾರೆ, ಓಆರ್‌ಎಸ್ ಕೂಡ ಇದೆ. ಕೊನೇದು, ಸುಣ್ಣದ ಗೆರೆ ದಾಟಿ ಯಾರೂ ಒಳಗೆ ಬರಬೇಡಿ. ಫೋಟೊ ತೆಗೆಯುವ ಅಪ್ಪಂದಿರಿಗೂ ಇದು ಅನ್ವಯಿಸುತ್ತೆ.

ಅತಿಥಿಗಳು, ಪಥಸಂಚಲನ

ಸಿಂಚನಾ: ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ನಮ್ಮ ಮುಖ್ಯ ಅತಿಥಿಗಳು ಮೈದಾನಕ್ಕೆ ಬರುತ್ತಿದ್ದಾರೆ. ಇವರು ಇದೇ ಶಾಲೆಯಲ್ಲಿ ಓದಿದವರು. ಈಗ ಪೊಲೀಸ್ ಇಲಾಖೆಯಲ್ಲಿ ಸಬ್ ಇನ್‌ಸ್ಪೆಕ್ಟರ್. ಇವರ ಜೊತೆ ನಮ್ಮ ಎಸ್‌ಡಿಎಂಸಿ ಅಧ್ಯಕ್ಷರು, ನಮ್ಮ ಹೆಡ್‌ಮಾಸ್ಟರು. ಜೋರಾದ ಚಪ್ಪಾಳೆ!

(ನಾಡಗೀತೆ, ಧ್ವಜಾರೋಹಣ. ಇಬ್ಬರೂ ಮೈಕ್ ಆಫ್ ಮಾಡಿ ನೇರವಾಗಿ ನಿಲ್ಲುವುದು.)

ಮೇಷ್ಟ್ರು: ಈಗ ಪಥಸಂಚಲನ. ಎಡಗಡೆಯಿಂದ ಮೊದಲು ಕಾವೇರಿ. ನೋಡಿ, ಸಾಲು ನೂಲು ಹಿಡಿದ ಹಾಗಿದೆ. ಹಿಂದೆಯೇ ಕಪಿಲಾ. ಅವರ ಹಳದಿ ಬಾವುಟವನ್ನು ಮಕ್ಕಳೇ ಎರಡು ರಾತ್ರಿ ಕೂತು ಹೊಲಿದಿದ್ದಾರೆ.

ಸಿಂಚನಾ: ಮೂರನೇದು ಹೇಮಾವತಿ. ಮುಂದೆ ಡೋಲು ಬಾರಿಸುತ್ತಿರುವುದು ಎಂಟನೇ ತರಗತಿ ಹುಡುಗಿ. ಇಡೀ ಶಾಲೆ ಇವತ್ತು ಅವಳ ತಾಳಕ್ಕೆ ಕಾಲು ಹಾಕುತ್ತಿದೆ. ಕೊನೆಗೆ ಲಕ್ಷ್ಮಣತೀರ್ಥ. ಸಂಖ್ಯೆಯಲ್ಲಿ ಕಮ್ಮಿ, ಸದ್ದಿನಲ್ಲಿ... ಇವತ್ತು ಅವರೇ ಜಾಸ್ತಿ ಮಾಡಬೇಕು!

(ಶಾಲಾ ನಾಯಕಿ ಪ್ರಮಾಣವಚನ ಹೇಳಿಸುತ್ತಾಳೆ.)

"ಕ್ರೀಡಾಕೂಟದ ನಿಯಮ ಪಾಲಿಸುತ್ತೇವೆ. ತೀರ್ಪುಗಾರರ ಮಾತಿಗೆ ಬೆಲೆ ಕೊಡುತ್ತೇವೆ. ನಮ್ಮ ತಂಡಕ್ಕಾಗಿ, ನಮ್ಮ ಶಾಲೆಗಾಗಿ ಪ್ರಾಮಾಣಿಕವಾಗಿ ಆಡುತ್ತೇವೆ."

ಮೇಷ್ಟ್ರು: ಕ್ರೀಡಾಕೂಟ ಶುರುವಾಗಿದೆ ಎಂದು ಮುಖ್ಯ ಅತಿಥಿಗಳು ಘೋಷಿಸಬೇಕು. ಮೇಡಂ, ಮೈಕ್ ನಿಮಗೆ.

100 ಮೀಟರ್ ಫೈನಲ್

ಸಿಂಚನಾ: ಬಾಲಕಿಯರ 100 ಮೀಟರ್, ಕೊನೆ ಕರೆ. ಎದೆ ನಂಬರ್ 12, 27, 31, 44, 58, 63. ಎರಡು ನಿಮಿಷದೊಳಗೆ ಪಿ.ಟಿ. ಮೇಷ್ಟ್ರ ಮುಂದೆ ಇರಬೇಕು. ಬರದಿದ್ದರೆ ಗೆರೆ ಖಾಲಿ ಇಟ್ಟೇ ಓಟ ಬಿಡುತ್ತಾರೆ.

ಮೇಷ್ಟ್ರು: ಅವರು ಬರುವಷ್ಟರಲ್ಲಿ ಒಂದು ನಿಯಮ ಕೇಳಿ. ದೊಡ್ಡ ಕೂಟಗಳಲ್ಲಿ 2010ರಿಂದ ಒಂದೇ ಸಲ ಮುಂಚೆ ಓಡಿದರೂ ಸ್ಪರ್ಧೆಯಿಂದ ಹೊರಗೆ. ನಮ್ಮಲ್ಲಿ ಒಂದು ಸಲ ಮಾಫಿ, ಎರಡನೇ ಸಲ ಇಲ್ಲ. ಈಗ ಪೂರ್ತಿ ಮೌನ ಬೇಕು. ಓಟಗಾರರಿಗೆ ಕೇಳಿಸಬೇಕಾದ್ದು ಕ್ಲಾಪರ್ ಸದ್ದು ಒಂದೇ.

(ಮೈಕ್ ಕೆಳಗೆ. ಕ್ಲಾಪರ್ ಬೀಳುವ ತನಕ ಇಬ್ಬರೂ ಉಸಿರೆತ್ತಬಾರದು. ಬಿದ್ದ ಕೂಡಲೇ:)

ಸಿಂಚನಾ: ಹೊರಟರೂ! ಹಳದಿ ಮುಂದೆ, ಹಸಿರು ಪಕ್ಕದಲ್ಲೇ! ಕೂಗಿ, ಕೂಗಿ, ನಿಮ್ಮ ತಂಡದ ಹೆಸರು ಕೂಗಿ!

(ಕಣ್ಣಿಗೆ ಕಂಡ ಬಣ್ಣವನ್ನೇ ಹೇಳು ಸಿಂಚನಾ, ಚೀಟಿ ನೋಡಿ ಓದಬೇಡ. ಗೆದ್ದವರ ನಂಬರ್ ಮಾತ್ರ ತೀರ್ಪುಗಾರರ ಚೀಟಿ ಕೈಗೆ ಬರದೆ ಹೇಳುವಂತಿಲ್ಲ. ಹೋದ ವರ್ಷ ನಾನೇ ಅವಸರಪಟ್ಟು ಎರಡನೇ ಬಂದ ಹುಡುಗನನ್ನು ಮೊದಲನೆಯವನು ಅಂದುಬಿಟ್ಟೆ. ಅವನು ಸಂಜೆವರೆಗೂ ನನ್ನ ಮುಖ ನೋಡಲಿಲ್ಲ. ಬಾಲಕರ ಓಟಕ್ಕೂ ಇದೇ ಕ್ರಮ.)

ಚೀಟಿ ಬರುವ ತನಕ

ಮೇಷ್ಟ್ರು: ತೀರ್ಪುಗಾರರು ಲೆಕ್ಕ ಹಾಕಲಿ. ಅಷ್ಟರಲ್ಲಿ ನಿನ್ನೆ ಮುಗಿದ ಸ್ಪರ್ಧೆಗಳ ಮೊದಲ ಸ್ಥಾನ ಓದ್ತೀನಿ. ಬಾಲಕಿಯರ ಗುಂಡು ಎಸೆತ, 7.42 ಮೀಟರ್, ಕಾವೇರಿ. ಬಾಲಕರ ಉದ್ದ ಜಿಗಿತ, 5.28 ಮೀಟರ್, ಲಕ್ಷ್ಮಣತೀರ್ಥ! ಬಾಲಕರ ಎತ್ತರ ಜಿಗಿತ, 1.52 ಮೀಟರ್, ಕಪಿಲಾ. ಆ ಹುಡುಗ ಬರಿಗಾಲಲ್ಲೇ ಹಾರಿದ. ಮೂರನೇ ಸಲ ಕೋಲು ಅಲ್ಲಾಡಿತು, ಬೀಳಲಿಲ್ಲ. ನೋಡುತ್ತಿದ್ದ ನಮಗೇ ಎದೆ ಡವಡವ ಅಂತಿತ್ತು.

ಸಿಂಚನಾ: ಮೊದಲನೆಯವರಿಗೆ 5 ಅಂಕ, ಎರಡನೆಯವರಿಗೆ 3, ಮೂರನೆಯವರಿಗೆ 1. ಆ ಲೆಕ್ಕದಲ್ಲಿ ನಿನ್ನೆ ಆರು ಸ್ಪರ್ಧೆ ಮುಗಿದಾಗ ಕಾವೇರಿ 16, ಕಪಿಲಾ 15, ಹೇಮಾವತಿ 13, ಲಕ್ಷ್ಮಣತೀರ್ಥ 10. ರಿಲೇಗೆ ಎರಡರಷ್ಟು ಅಂಕ, ಖೋ-ಖೋ ಗೆದ್ದವರಿಗೆ 10. ಯಾರೂ ಈಗಲೇ ಪಟಾಕಿ ತರಿಸಬೇಡಿ.

ಪುಟಾಣಿಗಳು, ತಾಯಂದಿರು

ಸಿಂಚನಾ: ಈಗ ಅತಿಥಿ ಆಟಗಾರರು! ಪಕ್ಕದ ಪ್ರಾಥಮಿಕ ಶಾಲೆಯ ಒಂದನೇ ತರಗತಿ ಮಕ್ಕಳು, ಚಮಚ-ನಿಂಬೆಹಣ್ಣಿನ ಓಟ. ಪುಟ್ಟ, ನಿಂಬೆಹಣ್ಣಿಗೆ ಹೆಬ್ಬೆಟ್ಟು ಒತ್ತಬಾರದು. ಎರಡನೇ ಗೆರೆ ಪುಟ್ಟಿ, ನಾನು ನೋಡ್ತಾ ಇದ್ದೀನಿ!

(ಒಂದಿಬ್ಬರು ಮಧ್ಯದಲ್ಲಿ ಅಮ್ಮನ ಹತ್ತಿರ ಓಡುವುದು ಖಂಡಿತ. ಅವರಿಗೂ ಚಪ್ಪಾಳೆ ಹೊಡೆಸಿ. ಓಡಿದ ಎಲ್ಲರಿಗೂ ಒಂದೊಂದು ರಸಬಾಳೆ, ಸ್ಥಾನ ಹೇಳೋದು ಬೇಡ.)

ಮೇಷ್ಟ್ರು: ಮಕ್ಕಳನ್ನು ಎತ್ತಿಕೊಳ್ಳೋಕೆ ಬಂದ ತಾಯಂದಿರು ಅಲ್ಲೇ ನಿಲ್ಲಿ. ವಾಪಸ್ ಹೋಗೋ ಹಾಗಿಲ್ಲ. ನಿಮಗೆ ಮ್ಯೂಸಿಕಲ್ ಚೇರ್ ಇದೆ! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಗೆದ್ದವರಿಗೆ ಸ್ಟೀಲ್ ಡಬ್ಬಿ. ಸೋತವರಿಗೆ ಮನೆಯಲ್ಲಿ ಮಕ್ಕಳ ಕೈಲಿ ಮಾತು.

ಸಿಂಚನಾ: ಸರ್, ಅಪ್ಪಂದಿರು ನಗ್ತಾ ಇದ್ದಾರೆ.

ಮೇಷ್ಟ್ರು: ನಗಲಿ. ಮುಂದಿನ ಸ್ಪರ್ಧೆ ಹಗ್ಗಜಗ್ಗಾಟ, ಅಪ್ಪಂದಿರು ಮತ್ತು ಶಿಕ್ಷಕರ ನಡುವೆ. ನಿನ್ನೆವರೆಗೂ ಗದ್ದೆಯಲ್ಲಿ ಕೊಯ್ಲು ಮಾಡಿದ ಕೈ ಅವರದು, ವರ್ಷವಿಡೀ ಸೀಮೆಸುಣ್ಣ ಹಿಡಿದ ಕೈ ನಮ್ಮದು. ಫಲಿತಾಂಶ ಏನಾಗುತ್ತೆ ಅಂತ ನನಗೆ ಗೊತ್ತು, ಆದರೂ ಮೈಕ್ ಸಿಂಚನಾ ಕೈಗೆ ಕೊಟ್ಟು ಹಗ್ಗ ಹಿಡಿಯೋಕೆ ಹೋಗ್ತಾ ಇದ್ದೀನಿ.

ಸಿಂಚನಾ: ಮಕ್ಕಳೇ, ಈಗ ಧರ್ಮಸಂಕಟ! ಅಪ್ಪನಿಗೆ ಕೂಗ್ತೀರೋ, ಮೇಷ್ಟ್ರಿಗೋ? ಸೋಮವಾರ ಗಣಿತದ ಕಿರುಪರೀಕ್ಷೆ ಇದೆ, ಯೋಚನೆ ಮಾಡಿ ಕೂಗಿ! ಹೈ... ಸ್ಸಾ! ಹೈ... ಸ್ಸಾ!

ರಿಲೇ

ಮೇಷ್ಟ್ರು: (ಏದುಸಿರು ಕಮ್ಮಿಯಾದ ಮೇಲೆ) ಈಗ 4×100 ಮೀಟರ್ ರಿಲೇ. ಹಿರಿಯರಿಗೆ ಒಂದು ಹೆಸರು ನೆನಪಿರಬಹುದು, ಕೋಲಾರದ ಕೆನೆತ್ ಪೊವೆಲ್. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ 4×100 ರಿಲೇ ತಂಡ ಸೆಮಿಫೈನಲ್ ತನಕ ಓಡಿತು. ಆ ನಾಲ್ವರಲ್ಲಿ ಅವರೂ ಒಬ್ಬರು.

ಸಿಂಚನಾ: ನಮ್ಮ ಮೈದಾನದ ಟ್ರ್ಯಾಕ್ 200 ಮೀಟರ್, ಹಾಗಾಗಿ ಎರಡು ಸುತ್ತು. ಕೋಲು ಕೈ ಬದಲಾಗುವ ಜಾಗಕ್ಕೆ ಕೆಂಪು ಬಾವುಟ ನೆಟ್ಟಿದ್ದೇವೆ. ಕೋಲು ಬಿದ್ದರೆ ಬೀಳಿಸಿದವರೇ ಎತ್ತಿಕೊಳ್ಳಬೇಕು. ಎತ್ತಿ ಓಡಿ, ಅಳುತ್ತಾ ನಿಲ್ಲಬೇಡಿ. ನೋಡುವವರೇ, ನಿಮ್ಮ ಮುಂದೆ ಓಟಗಾರ ಬಂದಾಗ ಎದ್ದು ಕೂಗಿ, ದಾಟಿದ ಮೇಲೆ ಕೂತುಕೊಳ್ಳಿ. ಹಾಗೆ ಮಾಡಿದರೆ ಅಲೆ ಮೈದಾನ ಸುತ್ತುತ್ತೆ. ಒಂದು ಸಲ ಸುಮ್ನೆ ಪ್ರಯತ್ನ ಮಾಡೋಣ... ಬಂತು, ಬಂತು, ಹುಣಸೇಮರದ ಹತ್ತಿರ ನಿಂತುಹೋಯಿತು! ಇನ್ನೊಂದ್ಸಲ!

ಖೋ-ಖೋ ಫೈನಲ್

ಮೇಷ್ಟ್ರು: ಬಿಸಿಲು ಏರಿದೆ, ಆದರೆ ಯಾರೂ ಎದ್ದಿಲ್ಲ. ಯಾಕೆ ಅಂತ ಗೊತ್ತು. ಬಾಲಕಿಯರ ಖೋ-ಖೋ, ಕಪಿಲಾ ಮತ್ತು ಹೇಮಾವತಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ಭಾರತದ ಹುಡುಗಿಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಚೈತ್ರಾ ಯಾವೂರವರು?

(ಉತ್ತರ ಬರಲಿ. ಇಲ್ಲಿನ ಮಕ್ಕಳಿಗೆ ಗೊತ್ತು: "ಕುರುಬೂರು!")

ಸಿಂಚನಾ: ಪಕ್ಕದ ತಿ.ನರಸೀಪುರ ತಾಲ್ಲೂಕಿನ ಕುರುಬೂರು! ಇಲ್ಲಿಂದ ಬಸ್ಸಲ್ಲಿ ಹೋಗಿ ಬರುವಷ್ಟು ದೂರ. ಈಗ ಆಟ ನೋಡಿ. ಎಂಟು ಜನ ಸಾಲಾಗಿ, ಒಬ್ಬರು ಆಚೆ ಒಬ್ಬರು ಈಚೆ ಮುಖ ಮಾಡಿ ಕೂತಿದ್ದಾರೆ. ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಅವಳು ಹಿಂದಕ್ಕೆ ತಿರುಗೋ ಹಾಗಿಲ್ಲ, ನಡುಗೆರೆ ದಾಟೋ ಹಾಗಿಲ್ಲ. ಬೆನ್ನು ಮುಟ್ಟಿ ಖೋ ಅನ್ನಲೇಬೇಕು. ಸರ್, ನನ್ನ ತಂಡ ಆಡ್ತಾ ಇದೆ, ನಾನು ವಿವರಣೆ ಕೊಡಬಹುದಾ?

ಮೇಷ್ಟ್ರು: ಕೊಡು, ಆದರೆ ಹೇಮಾವತಿಯವರು ಔಟ್ ಮಾಡಿದಾಗಲೂ ಇಷ್ಟೇ ಜೋರಾಗಿ ಕೂಗಬೇಕು.

ಸಿಂಚನಾ: ಪ್ರಯತ್ನ ಮಾಡ್ತೀನಿ ಸರ್.

ಬಹುಮಾನ, ಮುಕ್ತಾಯ

(ಹೆಸರಿನ ಪಟ್ಟಿ ಸಿಂಚನಾ ಓದುವುದು, ನಿಧಾನವಾಗಿ. ವೇದಿಕೆಗೆ ಎಡಗಡೆಯಿಂದ ಹತ್ತಿ ಬಲಗಡೆಯಿಂದ ಇಳಿಯಬೇಕು.)

ಮೇಷ್ಟ್ರು: ಸಮಗ್ರ ಪ್ರಶಸ್ತಿಯ ಚೀಟಿ ಹೆಡ್‌ಮಾಸ್ಟರ ಜೇಬಿನಲ್ಲಿದೆ. ನಾವಿಬ್ಬರೂ ನೋಡಿಲ್ಲ. ಸರ್, ನಾಲ್ಕನೇ ಸ್ಥಾನದಿಂದ ಓದಿ, ಮೊದಲನೆಯದಕ್ಕೆ ಮುಂಚೆ ಸ್ವಲ್ಪ ಸತಾಯಿಸಿ. ಎಲ್ಲರೂ ತೊಡೆ ಮೇಲೆ ಕೈ ಬಡಿಯಿರಿ, ಮೆಲ್ಲಗೆ... ಜೋರಾಗಿ... ಇನ್ನೂ ಜೋರಾಗಿ!

(ಹೆಡ್‌ಮಾಸ್ಟರು ಘೋಷಿಸುತ್ತಾರೆ. ಒಂದು ನಿಮಿಷ ಮಾತಾಡಬೇಡಿ, ಕುಣಿಯಲಿ.)

ಸಿಂಚನಾ: ಮೂರು ದಿನ ಬೆಳಗಿನ ಜಾವ ಎದ್ದು ಗೆರೆ ಹಾಕಿದ ಪಿ.ಟಿ. ಮೇಷ್ಟ್ರಿಗೆ, ಪಲಾವ್ ಪಾಯಸ ಮಾಡಿದ ಅಡುಗೆ ಅಮ್ಮಂದಿರಿಗೆ, ಮುಖ್ಯ ಅತಿಥಿಗಳಿಗೆ, ಗೇಟಿನ ಮುಂದೆ ಬೈಕ್ ನಿಲ್ಲಿಸದ ಎಲ್ಲರಿಗೂ ಧನ್ಯವಾದ. ಈಗ ರಾಷ್ಟ್ರಗೀತೆ, ಧ್ವಜಾವರೋಹಣ. ಸಾವಧಾನ್.

(ರಾಷ್ಟ್ರಗೀತೆ ಮುಗಿದ ಮೇಲೆ, ಜನ ಚದುರುವ ಮುಂಚೆ:)

ಮೇಷ್ಟ್ರು: ಊಟಕ್ಕೆ ಚಿಕ್ಕ ಮಕ್ಕಳ ಸಾಲು ಮೊದಲು. ದೊಡ್ಡ ಹುಡುಗರು ಕುರ್ಚಿ ಜೋಡಿಸಿ ಬನ್ನಿ, ಅವು ಗ್ರಾಮ ಪಂಚಾಯಿತಿಯವು, ಎಣಿಸಿ ಕೊಡಬೇಕು. ಇನ್ನೊಂದು, ನಿನ್ನೆ ಅಭ್ಯಾಸದ ಓಟದಲ್ಲಿ ಬಿಟ್ಟುಹೋದ ಮೂರು ನೀರಿನ ಬಾಟಲಿ, ಎಡಗಾಲಿನ ಒಂದು ನೀಲಿ ಚಪ್ಪಲಿ ನನ್ನ ಮೇಜಿನ ಮೇಲಿವೆ. ಒಂದೇ ಚಪ್ಪಲಿಯಲ್ಲಿ ಮನೆಗೆ ಹೋಗಿದ್ದು ಯಾರಪ್ಪಾ? ಬೈಯಲ್ಲ, ಬಂದು ತಗೊಂಡು ಹೋಗು.