ಅಭ್ಯಾಸ ಪ್ರಶ್ನೆಗಳು: ರಿಸ್ಕ್, ಆಡ್ಸ್ ಮತ್ತು ನಮ್ಮೂರ ಕಾಡು

ಮೊದಲ ವರ್ಷದ ಸಾರ್ವಜನಿಕ ಆರೋಗ್ಯ ವಿದ್ಯಾರ್ಥಿಗಳಿಗೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹಾಗಾಗಿ ಉದಾಹರಣೆಗಳೂ ಇಲ್ಲಿಯವೇ. ಅಂಕಿಗಳು ಮಾತ್ರ ಅಭ್ಯಾಸಕ್ಕೆಂದು ಮಾಡಿಕೊಂಡವು. ಮೊದಲು ಉತ್ತರ ಬರೆಯಿರಿ, ಆಮೇಲೆ ವಿವರಣೆ ಓದಿ.

1. ದರಗು ತರಲು ಕಾಡಿಗೆ ಹೋಗುವ 200 ಜನ, ಹೋಗದ 200 ಜನ. ಒಂದು ಸೀಸನ್ ಪೂರ್ತಿ ಗಮನಿಸಿದಾಗ ಹೋದವರಲ್ಲಿ 12, ಹೋಗದವರಲ್ಲಿ 3 ಜನರಿಗೆ ಮಂಗನ ಕಾಯಿಲೆ ಬಂತು. ರಿಲೇಟಿವ್ ರಿಸ್ಕ್ ಎಷ್ಟು?
ಎ) 3  ಬಿ) 4  ಸಿ) 4.5  ಡಿ) 9

ಉತ್ತರ: ಬಿ. 12/200 ಅಂದರೆ ಶೇ. 6. 3/200 ಅಂದರೆ ಶೇ. 1.5. ಭಾಗಿಸಿದರೆ 4. ಸಿ ಬರೆದವರು ಭಾಗಿಸುವ ಬದಲು ಕಳೆದಿದ್ದೀರಿ. ಅದು ರಿಸ್ಕ್ ಡಿಫರೆನ್ಸ್: ಕಾಡಿಗೆ ಹೋಗುವ ನೂರು ಜನರಲ್ಲಿ 4.5 ಹೆಚ್ಚುವರಿ ರೋಗಿಗಳು.

2. 40 ರೋಗಿಗಳಲ್ಲಿ 30 ಜನ ದರಗಿಗೆ ಹೋಗಿದ್ದರು. ರೋಗವಿಲ್ಲದ 80 ಜನರಲ್ಲಿ 40 ಜನ ಹೋಗಿದ್ದರು. ಸರಿಯಾದ ಅಳತೆ ಯಾವುದು?
ಎ) ರಿಲೇಟಿವ್ ರಿಸ್ಕ್ 1.5  ಬಿ) ಆಡ್ಸ್ ರೇಶಿಯೊ 3  ಸಿ) ಆಡ್ಸ್ ರೇಶಿಯೊ 1.5  ಡಿ) ರಿಸ್ಕ್ ಡಿಫರೆನ್ಸ್ ಶೇ. 25

ಉತ್ತರ: ಬಿ. (30×40) ÷ (10×40) = 3. ಇದು ಕೇಸ್-ಕಂಟ್ರೋಲ್ ಅಧ್ಯಯನ. ರೋಗಿಗಳು 40, ಉಳಿದವರು 80 ಅಂತ ಆರಿಸಿದ್ದು ನಾವೇ, ಅಲ್ವಾ? ಹಾಗಿರುವಾಗ ಊರಲ್ಲಿ ರೋಗ ಬರುವ ಪ್ರಮಾಣ ಈ ಪಟ್ಟಿಯಿಂದ ಸಿಗುವುದಿಲ್ಲ.

3. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಬೂಟು ಹಾಕದೆ ಇಳಿದ 100 ಜನರಲ್ಲಿ 60 ಜನರಿಗೆ, ಹಾಕಿದ 100 ಜನರಲ್ಲಿ 30 ಜನರಿಗೆ ಇಂಬಳ ಕಚ್ಚಿತು. ಆಡ್ಸ್ ರೇಶಿಯೊ 3.5. "ಬೂಟಿಲ್ಲದಿದ್ದರೆ ಕಚ್ಚುವ ಸಾಧ್ಯತೆ ಮೂರೂವರೆ ಪಟ್ಟು" ಎನ್ನಬಹುದೇ?
ಎ) ಹೌದು  ಬಿ) ಇಲ್ಲ, ಎರಡು ಪಟ್ಟು

ಉತ್ತರ: ಬಿ. ಇಡೀ ಪಾಠದಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ, ಸ್ವಲ್ಪ ನಿಂತು ನೋಡಿ. ರಿಸ್ಕ್‌ನಲ್ಲಿ ಒಟ್ಟು ಜನರಿಂದ ಭಾಗಿಸುತ್ತೇವೆ: 60/100. ಆಡ್ಸ್‌ನಲ್ಲಿ ಕಚ್ಚದವರಿಂದ: 60/40. ಕಚ್ಚಿಸಿಕೊಂಡವರು ಕಡಿಮೆ ಇದ್ದರೆ "ಒಟ್ಟು", "ಕಚ್ಚದವರು" ಹೆಚ್ಚುಕಡಿಮೆ ಒಂದೇ. ಆಗ ಎರಡು ಅಳತೆಗಳೂ ಹತ್ತಿರ ಬರುತ್ತವೆ. ಒಂದನೇ ಪ್ರಶ್ನೆಗೇ ಆಡ್ಸ್ ರೇಶಿಯೊ ಹಾಕಿ ನೋಡಿ: (12×197) ÷ (188×3), ಸುಮಾರು 4.2. ರಿಲೇಟಿವ್ ರಿಸ್ಕ್ 4ಕ್ಕೆ ಎಷ್ಟು ಹತ್ತಿರ! ಆದರೆ ಇಂಬಳ ಕಚ್ಚುವುದು ನಮ್ಮಲ್ಲಿ ಅಪರೂಪವೇ? ಇಲ್ಲ. ಅದಕ್ಕೇ 2 ಹೋಗಿ 3.5 ಆಯಿತು.

4. ಮಂಗನ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಎಣ್ಣೆ ಹಚ್ಚಿಕೊಂಡವರಲ್ಲಿ ಆ ಕಾಯಿಲೆಯ ರಿಲೇಟಿವ್ ರಿಸ್ಕ್ 0.5, ಶೇ. 95 ಕಾನ್ಫಿಡೆನ್ಸ್ ಇಂಟರ್ವಲ್ 0.2ರಿಂದ 1.25. ಏನು ಹೇಳಬಹುದು?
ಎ) ಎಣ್ಣೆಯಿಂದ ರಿಸ್ಕ್ ಅರ್ಧವಾಗುವುದು ಸಾಬೀತಾಗಿದೆ  ಬಿ) ಎಣ್ಣೆ ಉಪಯೋಗವಿಲ್ಲ  ಸಿ) ಈ ಅಧ್ಯಯನದಿಂದ ತೀರ್ಮಾನಿಸಲಾಗದು

ಉತ್ತರ: ಸಿ. ಇಂಟರ್ವಲ್ ಒಳಗೆ 1 ಇದೆ. ಅಂದರೆ ವ್ಯತ್ಯಾಸವೇ ಇಲ್ಲದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಹಾಗಂತ ಸುಮ್ನೆ ಬಿ ಬರೆಯಬೇಡಿ. 0.2 ಕೂಡ ಅದೇ ಇಂಟರ್ವಲ್‌ನಲ್ಲಿದೆ. ಎಣ್ಣೆ ಚೆನ್ನಾಗಿಯೇ ಕೆಲಸ ಮಾಡುತ್ತಿರಬಹುದು, ತಿಳಿಯಲು ಇನ್ನಷ್ಟು ಜನ ಬೇಕು. ಉಪಯೋಗವಿಲ್ಲ ಎಂದು ವರದಿ ಬರೆದರೆ ನಾಳೆ ಒಬ್ಬರು ಎಣ್ಣೆ ಹಚ್ಚದೆ ಕಾಡಿಗೆ ಹೋಗುತ್ತಾರೆ.