ರಾಜೀನಾಮೆ ಪತ್ರ

ದಿನಾಂಕ: 01-09-2025
ಸ್ಥಳ: ಹಾಸನ

ಇವರಿಂದ:
ರೇಖಾ ಎಚ್.
ಸ್ಟಾಫ್ ನರ್ಸ್, ನವಜಾತ ಶಿಶುಗಳ ಐಸಿಯು (ಎನ್‌ಐಸಿಯು)

ಇವರಿಗೆ:
ನರ್ಸಿಂಗ್ ಸೂಪರಿಂಟೆಂಡೆಂಟ್ ಅವರು

ವಿಷಯ: ಎಂ.ಎಸ್ಸಿ. ನರ್ಸಿಂಗ್ ಓದಲು ಹೋಗುತ್ತಿರುವುದರಿಂದ ಕೆಲಸಕ್ಕೆ ರಾಜೀನಾಮೆ

ಮಾನ್ಯ ಮೇಡಂ,

ಬೆಂಗಳೂರಿನಲ್ಲಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೊಂದರಲ್ಲಿ ನನಗೆ ಎಂ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿದೆ. ಮಕ್ಕಳ ಆರೋಗ್ಯ ವಿಭಾಗ, ಎರಡು ವರ್ಷದ ಕೋರ್ಸ್. ಆದ್ದರಿಂದ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ಒಂದು ತಿಂಗಳ ನೋಟಿಸ್ ಲೆಕ್ಕದಲ್ಲಿ ಸೆಪ್ಟೆಂಬರ್ 30 ನನ್ನ ಕೊನೆಯ ಡ್ಯೂಟಿ.

ಈ ಓದಿನ ಆಸೆ ಹುಟ್ಟಿದ್ದೇ ನಮ್ಮ ಎನ್‌ಐಸಿಯುನಲ್ಲಿ. 2021ರಲ್ಲಿ ಬಿ.ಎಸ್ಸಿ. ಮುಗಿಸಿ ಬಂದಾಗ ಒಂದೂವರೆ ಕೆಜಿ ಮಗುವನ್ನು ವಾರ್ಮರ್‌ನಿಂದ ಎತ್ತಲು ಕೈ ನಡುಗುತ್ತಿತ್ತು. ಐವಿ ಹಾಕುವುದು, ಟ್ಯೂಬ್‌ನಲ್ಲಿ ಹಾಲು ಕೊಡುವುದು, ಫೋಟೋಥೆರಪಿಗೆ ಮಗುವಿನ ಕಣ್ಣು ಮುಚ್ಚುವುದು, ಎಲ್ಲವನ್ನೂ ನೀವೂ ಸೀನಿಯರ್ ಸಿಸ್ಟರ್‌ಗಳೂ ಪಕ್ಕದಲ್ಲೇ ನಿಂತು ಕಲಿಸಿದಿರಿ. ನನ್ನನ್ನು ಜಾಸ್ತಿ ಹಿಡಿದಿಟ್ಟಿದ್ದು ಕಾಂಗರೂ ಆರೈಕೆ. ತಾಯಿಯ ಎದೆಗೆ ಒರಗಿದ ಮಗುವಿನ ಮೈ ಬೆಚ್ಚಗಾಗುವುದನ್ನು, ಉಸಿರು ಹದಕ್ಕೆ ಬರುವುದನ್ನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ. ಕಡಿಮೆ ತೂಕದ ಮಕ್ಕಳಿಗೆ ಇದನ್ನು ಹುಟ್ಟಿದ ಕೂಡಲೇ ಶುರು ಮಾಡಬೇಕು, ದಿನಕ್ಕೆ 8ರಿಂದ 24 ಗಂಟೆ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ಆದರೆ ಸಿಸೇರಿಯನ್ ಆದ ತಾಯಿ ಅಷ್ಟು ಹೊತ್ತು ಹೇಗೆ ಕೂರಬೇಕು? ತಾಯಿಯ ಬದಲು ಮಗುವನ್ನು ಎದೆಗೆ ಒರಗಿಸಿಕೊಳ್ಳಲು ಅಜ್ಜಿಯನ್ನೋ ಅಪ್ಪನನ್ನೋ ಹೇಗೆ ಒಪ್ಪಿಸಬೇಕು? ಅದು ನರ್ಸ್‌ಗಳೇ ಮಾಡಬೇಕಾದ ಕೆಲಸ ಅಲ್ವಾ? ಅದನ್ನು ಸರಿಯಾಗಿ ಕಲಿತು, ಮುಂದೆ ಬೇರೆ ನರ್ಸ್‌ಗಳಿಗೂ ಕಲಿಸಬೇಕು ಎಂಬುದು ನನ್ನ ಆಸೆ.

ಹೊರಡುವ ಮುಂಚೆ ಕ್ರ್ಯಾಶ್ ಕಾರ್ಟ್ ಪಟ್ಟಿ, ಔಷಧಿ ಸ್ಟಾಕ್ ರಿಜಿಸ್ಟರ್ ಮತ್ತು ಇನ್ಫ್ಯೂಷನ್ ಪಂಪ್‌ಗಳ ಲೆಕ್ಕವನ್ನು ಇನ್‌ಚಾರ್ಜ್ ಸಿಸ್ಟರ್‌ಗೆ ಒಪ್ಪಿಸುತ್ತೇನೆ. ಹೊಸದಾಗಿ ಬಂದ ಇಬ್ಬರು ಸಿಸ್ಟರ್‌ಗಳನ್ನು ಈ ತಿಂಗಳು ನನ್ನ ಶಿಫ್ಟ್‌ಗೇ ಹಾಕಿಕೊಡಿ, ಜೊತೆಗಿಟ್ಟುಕೊಂಡು ಕಲಿಸುತ್ತೇನೆ. ಇಬ್ಬರೂ ಚುರುಕಾಗಿದ್ದಾರೆ. ಆದರೂ ಇನ್ನೂ ಕೆಲವು ತಿಂಗಳು ಸೀನಿಯರ್ ಇಲ್ಲದೆ ಅವರಿಬ್ಬರನ್ನೇ ನೈಟ್ ಡ್ಯೂಟಿಗೆ ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮಗು ಉಸಿರು ನಿಲ್ಲಿಸಿದಾಗ ಏನು ಮಾಡಬೇಕು ಅಂತ ಯೋಚಿಸುತ್ತಾ ನಿಲ್ಲಲು ಸಮಯ ಇರುವುದಿಲ್ಲ.

ಕೆಲಸಕ್ಕೆ ಸೇರುವಾಗ ಕೊಟ್ಟಿದ್ದ ಮೂಲ ಅಂಕಪಟ್ಟಿಗಳು ಮತ್ತು ನರ್ಸಿಂಗ್ ಕೌನ್ಸಿಲ್ ನೋಂದಣಿ ಪ್ರಮಾಣಪತ್ರ ಆಫೀಸಿನಲ್ಲಿವೆ. ಅವುಗಳ ಜೊತೆ ರಿಲೀವಿಂಗ್ ಲೆಟರ್, ಅನುಭವ ಪ್ರಮಾಣಪತ್ರವನ್ನೂ ಕೊನೆಯ ದಿನವೇ ಕೊಡಿಸಬೇಕೆಂದು ವಿನಂತಿ. ಕಾಲೇಜಿನ ದಾಖಲಾತಿಗೆ ಇವೆಲ್ಲ ಬೇಕು.

ಇಷ್ಟು ವರ್ಷ ನನ್ನ ಮೇಲೆ ನಂಬಿಕೆ ಇಟ್ಟು ಮಕ್ಕಳನ್ನು ಒಪ್ಪಿಸಿದ್ದಕ್ಕೆ ನಿಮಗೆ, ಡಾಕ್ಟರ್‌ಗಳಿಗೆ, ಆಯಾಗಳಿಗೆ ಮನಸಾರೆ ವಂದನೆಗಳು.

ತಮ್ಮ ವಿಶ್ವಾಸಿ,
ರೇಖಾ ಎಚ್.

ಪ್ರತಿ: ಎಚ್‌ಆರ್ ವಿಭಾಗಕ್ಕೆ