ಅರೆಕಾಲಿಕ ಕೆಲಸದ ಕುರಿತು ವಿನಂತಿ

ಮಾನ್ಯರಿಗೆ ನಮಸ್ಕಾರಗಳು.

ನಾನು ತೀರ್ಥಹಳ್ಳಿಯ ಅನನ್ಯಾ. ಕಳೆದ ಎಳ್ಳಮಾವಾಸ್ಯೆ ಜಾತ್ರೆಗೆ ತಾವು ಊರಿಗೆ ಬಂದಿದ್ದಾಗ ನಮ್ಮ ಚಿಕ್ಕಮ್ಮನ ಹೋಟೆಲಿನಲ್ಲಿ ಕಡುಬು ತಿನ್ನುತ್ತಾ, ಲೆಸ್ಟರ್‌ಗೆ ಓದಲು ಬಂದರೆ ತಿಳಿಸುವಂತೆ ನನಗೆ ಹೇಳಿದ್ದಿರಿ. ಈ ಸೆಪ್ಟೆಂಬರ್‌ನಿಂದ ಅಲ್ಲಿ ಎಂ.ಎಸ್ಸಿ. ಓದಲಿದ್ದೇನೆ. ತಮ್ಮ ಉಪಾಹಾರ ಗೃಹದಲ್ಲಿ ಅರೆಕಾಲಿಕ ಕೆಲಸವಿದ್ದರೆ ದಯವಿಟ್ಟು ನನ್ನನ್ನು ಪರಿಗಣಿಸಬೇಕೆಂದು ಕೋರುತ್ತೇನೆ.

ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸಬೇಕು. ಪದವಿ ಮತ್ತು ಅದಕ್ಕೂ ಮೇಲಿನ ಹಂತದ ಕೋರ್ಸಿಗೆ ಸಿಗುವ ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. ಸೋಮವಾರದಿಂದ ಭಾನುವಾರದವರೆಗಿನ ಈ ಲೆಕ್ಕ ವಾರ ವಾರಕ್ಕೂ ಪ್ರತ್ಯೇಕವಾದ್ದರಿಂದ, ಒಂದು ವಾರ ಉಳಿದ ಗಂಟೆಗಳನ್ನು ಮುಂದಿನ ವಾರಕ್ಕೆ ಸೇರಿಸಲೂ ಆಗುವುದಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಪೂರ್ಣಾವಧಿ ಬರಬಲ್ಲೆ. ಬೇಸಿಗೆಯಲ್ಲಿ ಪ್ರಬಂಧ ಬರೆಯುವ ತಿಂಗಳುಗಳಲ್ಲಿ ಮಾತ್ರ ಅದೇ 20 ಗಂಟೆಗಳ ಮಿತಿಯಿರುತ್ತದೆ. ಅಪ್ಪ ಅಡಿಕೆ ತೋಟದ ಮೇಲೆ ಸಾಲ ಮಾಡಿ ಕಳುಹಿಸುತ್ತಿದ್ದಾರೆ. ಹಾಗಾಗಿ ಎಷ್ಟೇ ಒತ್ತಡವಿದ್ದರೂ ಈ ಮಿತಿಯನ್ನು ನಾನು ಮೀರಲಾರೆ.

ಮೂರು ವರ್ಷ ಚಿಕ್ಕಮ್ಮನ ಹೋಟೆಲಿನಲ್ಲಿ ಬೆಳಿಗ್ಗೆ ಆರಕ್ಕೆ ಹಬೆಪಾತ್ರೆ ಒಲೆಗೇರಿಸಿ, ಬಸ್ಸು ಹಿಡಿಯುವ ಅವಸರದಲ್ಲಿರುವವರಿಗೆ ತಿಂಡಿ ಕೊಟ್ಟು, ಗಲ್ಲಾದ ಲೆಕ್ಕವನ್ನೂ ಬರೆದಿದ್ದೇನೆ. ಶುಕ್ರವಾರ ಸಂಜೆ ಮತ್ತು ಶನಿವಾರ, ಭಾನುವಾರ ಸೇರಿ 16 ಗಂಟೆಗಳ ಕೆಲಸ ನನಗೆ ಅನುಕೂಲ. ಕೆಲಸಕ್ಕೆ ಸೇರುವ ಮುನ್ನ ತಾವು ಆನ್‌ಲೈನ್‌ನಲ್ಲಿ ನನ್ನ ಅರ್ಹತೆ ಪರಿಶೀಲಿಸಲು ಬೇಕಾದ ಶೇರ್ ಕೋಡ್ ಕೊಡುತ್ತೇನೆ.

ತಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಇತಿ ವಿಶ್ವಾಸಿ,
ಅನನ್ಯಾ